ಕಪ್ಪು ಕೂದಲಿಗೆ ಬಣ್ಣ ಬಳಿದರೆ ಪ್ಲಾಟಿನಂ ಆಗುವುದಿಲ್ಲ

ಫೋಟೋಶಾಪ್‌ನಲ್ಲಿ ಕೂದಲಿನ ಬಣ್ಣ ಬದಲಿಸಿದ ಇನ್ನೊಂದು ಭಾವಚಿತ್ರ ಈಗಷ್ಟೇ ಕಣ್ಣಿಗೆ ಬಿತ್ತು. ಮುಖದ ಕೆಲಸ ನಾಜೂಕಾಗಿದೆ, ಅಂಚಿನ ಮಾಸ್ಕ್ ಎಳೆ ಎಳೆಯಾಗಿ ಕೂತಿದೆ, ಆದರೆ ಕಪ್ಪಗಿದ್ದ ಕೂದಲನ್ನು ಪ್ಲಾಟಿನಂ ಬ್ಲಾಂಡ್ ಮಾಡಿದ ಕಡೆ ಮಾತ್ರ ತಲೆಗೆ ಬೂದಿ ಸುರಿದಂತೆ ಕಾಣುತ್ತದೆ. ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಹೀಗೆ ಕೆಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ತಪ್ಪಿರುವುದು ಬಣ್ಣದ ಆಯ್ಕೆಯಲ್ಲಲ್ಲ, ಬೆಳಕಿನಲ್ಲಿ.

ಕಪ್ಪು ಕೂದಲಿನ ಒಳಗೆ ಹೊಕ್ಕ ಬೆಳಕನ್ನು ಮೆಲನಿನ್ ಬಹುಪಾಲು ಹೀರಿಕೊಳ್ಳುತ್ತದೆ. ನಮಗೆ ಕಾಣುವುದು ಎಳೆಯ ಮೇಲ್ಮೈಯಿಂದ ಪುಟಿದು ಬಂದ ಕಿರಿದಾದ, ಚೂಪಾದ ಹೊಳಪು ಮಾತ್ರ, ಉಳಿದದ್ದೆಲ್ಲ ಕತ್ತಲು. ಪ್ಲಾಟಿನಂ ಕೂದಲಿನಲ್ಲಿ ಬೆಳಕು ಎಳೆಯೊಳಗೆ ಹೊಕ್ಕು, ಹೊರಬಂದು, ಪಕ್ಕದ ಎಳೆಗೆ ದಾಟಿ ಹರಡುತ್ತದೆ. ಆದ್ದರಿಂದ ಅದರ ಹೊಳಪು ಅಗಲವಾಗಿರುತ್ತದೆ, ನೆರಳು ಮೃದುವಾಗಿ ಸ್ವಲ್ಪ ಬೆಚ್ಚಗಿನ ಛಾಯೆಯಲ್ಲಿರುತ್ತದೆ, ನಿಜವಾದ ಕತ್ತಲು ಬುಡದಲ್ಲಿ, ಕಿವಿಯ ಹಿಂದೆ ಮತ್ತು ಕುತ್ತಿಗೆಯ ಹಿಂಭಾಗದಲ್ಲಿ ಮಾತ್ರ ಉಳಿಯುತ್ತದೆ.

ಇಷ್ಟೆಲ್ಲ ಬದಲಾಗಬೇಕಾದ ಕಡೆ ಜನ ಕಲರ್ ಮೋಡ್‌ನಲ್ಲಿ ತಿಳಿ ಹಳದಿ ಬಳಿಯುತ್ತಾರೆ. ಆ ಮೋಡ್ ಕೆಳಗಿನ ಬೆಳಕು-ಕತ್ತಲನ್ನು ಮುಟ್ಟುವುದೇ ಇಲ್ಲವಾದ್ದರಿಂದ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಆಗ ಹ್ಯೂ-ಸ್ಯಾಚುರೇಶನ್‌ನ ಲೈಟ್‌ನೆಸ್ ಅನ್ನು 50ಕ್ಕೆ ಏರಿಸುತ್ತಾರೆ. ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ನೆರಳಿನಲ್ಲಿ 10 ಇದ್ದ ಮೌಲ್ಯ ಸುಮಾರು 132 ಆಗುತ್ತದೆ, ಹೊಳಪಿನಲ್ಲಿ 95 ಇದ್ದದ್ದು 175 ಆಗುತ್ತದೆ. ನೆರಳು ಪೂರ್ತಿ ಅಳಿಸಿಹೋಯಿತು, ಹೊಳಪು ಹೊಳಪಿನ ಮಟ್ಟಕ್ಕೆ ಏರಲೇ ಇಲ್ಲ, ಎರಡರ ನಡುವಿನ ಅಂತರ ಅರ್ಧಕ್ಕಿಳಿಯಿತು. ನಾನು ಹೇಳುವ ಬೂದಿ ಅದೇ.

ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವ ಭಾವಚಿತ್ರವೊಂದನ್ನು ತೆಗೆದುಕೊಳ್ಳೋಣ. ಬೆಳಕು ಬಿದ್ದ ಕೆನ್ನೆ 190, ಕೂದಲಿನ ನೆರಳು 10, ನಡುಭಾಗ 30, ಹೊಳಪು 95 ಎಂದಿಟ್ಟುಕೊಳ್ಳಿ. ಪ್ಲಾಟಿನಂ ಎನಿಸಬೇಕಾದರೆ ನಡುಭಾಗ 160ರ ಆಸುಪಾಸಿಗೂ ಹೊಳಪು 235ಕ್ಕೂ ಏರಬೇಕು. ಆಳದ ನೆರಳು ಮಾತ್ರ 45-50ರಲ್ಲೇ ನಿಲ್ಲಬೇಕು. ಜೆಪೆಗ್‌ನಲ್ಲಿ 10ರಿಂದ 30ರ ನಡುವೆ ಇರುವುದೇ 20 ಮೆಟ್ಟಿಲು, ಅದನ್ನು 100ಕ್ಕೂ ಹೆಚ್ಚು ಮೆಟ್ಟಿಲುಗಳಿಗೆ ಹಿಗ್ಗಿಸಿದರೆ ತೇಪೆಗಳೂ ನಾಯ್ಸೂ ಎದ್ದು ಕಾಣುತ್ತವೆ. ಹಾಗಾಗಿ ರಾ ಫೈಲ್ ಇದ್ದರೆ ಅದರಿಂದಲೇ ಕೂದಲಿಗೆಂದು ಎಕ್ಸ್‌ಪೋಶರ್ ಏರಿಸಿದ ಇನ್ನೊಂದು ಪ್ರತಿಯನ್ನು 16 ಬಿಟ್‌ನಲ್ಲಿ ತೆಗೆದು, ನಾಯ್ಸ್ ಇಳಿಸಿ, ಮಾಸ್ಕ್ ಮೂಲಕ ಕೂರಿಸಿ, ಉಳಿದ ಏರಿಕೆಯನ್ನು ಕರ್ವ್ಸ್‌ನಿಂದ ಎರಡು ಹಂತದಲ್ಲಿ ಮಾಡಬೇಕು. ಕರ್ವ್ಸ್ ಲೇಯರ್ ಲೂಮಿನಾಸಿಟಿ ಮೋಡ್‌ನಲ್ಲಿರಲಿ; ಇಲ್ಲವಾದರೆ ಕಪ್ಪಿನೊಳಗೆ ಅಡಗಿದ್ದ ಕೆಂಪು-ಕಿತ್ತಳೆಯೂ ಜೊತೆಗೇ ಉಬ್ಬುತ್ತದೆ.

ಇಲ್ಲಿಗೆ ಬೆಳಕು ಬಂತು, ಆಕಾರ ಬರಲಿಲ್ಲ. ಕಪ್ಪು ಕೂದಲಿನ ಆ ಕಿರಿದಾದ ಹೊಳಪು ಹಾಗೇ ಬೆಳಗಿ ಬಿಳಿ ಪಟ್ಟಿಯಂತೆ ನಿಂತಿರುತ್ತದೆ. 50 ಪ್ರತಿಶತ ಬೂದು ತುಂಬಿದ ಸಾಫ್ಟ್ ಲೈಟ್ ಲೇಯರ್‌ನಲ್ಲಿ, ಎಳೆ ಹರಿಯುವ ದಿಕ್ಕಿನಲ್ಲೇ ಸಣ್ಣ ಬ್ರಶ್ಶಿನಿಂದ ಆ ಪಟ್ಟಿಯ ಅಂಚನ್ನು ಮೇಲಕ್ಕೂ ಕೆಳಕ್ಕೂ ಎಳೆದು ಹರಡಬೇಕು. ಗುಚ್ಛ ಗುಚ್ಛಗಳ ನಡುವೆ, ಕಿವಿಯ ಹಿಂದೆ, ಬುಡದಲ್ಲಿ ನೆರಳನ್ನು ಕೈಯಾರೆ ಮತ್ತೆ ಕಟ್ಟಬೇಕು. ಬಣ್ಣ ಬರುವುದು ಇದಾದ ಮೇಲೆ: ಹೊಳಪು ಬಹುತೇಕ ಬಣ್ಣರಹಿತ, ನಡುಭಾಗ ಕೆನೆಬಣ್ಣ, ನೆರಳು ತಿಳಿಗಂದು. ನೆರಳಿನ ಬಣ್ಣವನ್ನೂ ತೆಗೆದುಹಾಕಿದರೆ ಮತ್ತೆ ಬೂದಿಯೇ.

ಪರೀಕ್ಷೆ ಸುಲಭ. ಎಲ್ಲದರ ಮೇಲೆ ಕಪ್ಪು-ಬಿಳುಪು ಲೇಯರ್ ಒಂದನ್ನು ಇಟ್ಟು ನೋಡಿ: ಒಂದೇ ಬೆಳಕಿನಲ್ಲಿರುವ ಕೆನ್ನೆಗಿಂತ ಕೂದಲಿನ ಹೊಳಪು ಮಂಕಾಗಿದ್ದರೆ ಅದು ಪ್ಲಾಟಿನಂ ಅಲ್ಲ, ನರೆಗೂದಲು.

“ಫೋನಿನ ಪರದೆಯಲ್ಲಿ ಇದನ್ನೆಲ್ಲ ಯಾರು ಗಮನಿಸುತ್ತಾರೆ?” ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿತ್ರ ಚಿಕ್ಕದಾದಷ್ಟೂ ಎಳೆಗಳು ಮರೆಯಾಗಿ ಬೆಳಕು-ನೆರಳಿನ ದೊಡ್ಡ ಆಕಾರವೇ ಉಳಿಯುತ್ತದೆ. ಹಾಗಾಗಿ ಅಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಈ ದೋಷವೇ. ಹೇಗೆ ಎಂದು ಹೇಳಲಾಗದವರಿಗೂ ಏನೋ ಸರಿಯಿಲ್ಲ ಎಂಬುದು ತಿಳಿಯುತ್ತದೆ.

ಒಂದು ಮಿತಿಯನ್ನು ಮಾತ್ರ ಒಪ್ಪಲೇಬೇಕು. ಕೂದಲಿನ ನೆರಳು ಪೂರ್ತಿ ಸೊನ್ನೆಗೆ ಇಳಿದು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿದ್ದರೆ ಏರಿಸಲು ಅಲ್ಲಿ ಎಳೆಗಳೇ ಇರುವುದಿಲ್ಲ. ಅಂಥ ಚಿತ್ರ ಬಂದಾಗ ನಾನು ಪ್ಲಾಟಿನಂ ಮಾಡಿಕೊಡುವುದಿಲ್ಲ. ಗಾಢ ಕಂದಿನವರೆಗೆ ಮಾತ್ರ ಒಯ್ಯುತ್ತೇನೆ, ಅದಕ್ಕಿಂತ ತಿಳಿಯಾಗಬೇಕೆಂದರೆ ಹಿಂದಿನಿಂದಲೂ ಬೆಳಕು ಕೊಟ್ಟು ಮತ್ತೆ ಫೋಟೋ ತೆಗೆಯಿರಿ ಎನ್ನುತ್ತೇನೆ.