ಬೀಗ ಹಾಕಬೇಡಿ, ಗುರುತು ಹಾಕಿ

ನಿನ್ನೆ ಸಂಜೆ ಮಗನ ಪ್ರಾಜೆಕ್ಟ್ ಮುದ್ರಿಸಿಕೊಳ್ಳಲು ಬಡಾವಣೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಗಾಜಿನ ಪೆಟ್ಟಿಗೆಯ ಮೇಲೆ, ಸ್ಪೈರಲ್ ಬೈಂಡಿಂಗ್ ಮಾಡಿ, ನೂರಿಪ್ಪತ್ತು ರೂಪಾಯಿಯ ಚೀಟಿ ಅಂಟಿಸಿ ಇಟ್ಟಿದ್ದದ್ದು ನಾನೇ ರೂಪಿಸಿ ಪಿಡಿಎಫ್ ಕಡತವಾಗಿ ಮಾರುವ ಮನೆವಾರ್ತೆ ಲೆಕ್ಕದ ಪ್ಲಾನರ್! ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಪುಟ ತಿರುವಿದಾಗ ಹಾಲಿನ ಲೆಕ್ಕದ ಹಾಳೆಯಲ್ಲಿ ಮೂವತ್ತೇ ಸಾಲುಗಳಿದ್ದವು. ಮೂವತ್ತೊಂದನೆಯ ತಾರೀಖಿಗೆ ಸಾಲು ಬಿಟ್ಟುಹೋಗಿದ್ದ ಆ ತಪ್ಪನ್ನು ಕಳೆದ ವರ್ಷ ಗ್ರಾಹಕರೊಬ್ಬರು ತೋರಿಸಿಕೊಟ್ಟ ಮೇಲೆ ತಿದ್ದಿದ್ದೆ. ಆದ್ದರಿಂದ ಇದು ಹಳೆಯ ಆವೃತ್ತಿ, ಅಂದರೆ ಹಣ ಬಂದ ಕೂಡಲೇ ಎಲ್ಲರಿಗೂ ಒಂದೇ ಗೂಗಲ್ ಡ್ರೈವ್ ಲಿಂಕ್ ಕಳುಹಿಸುತ್ತಿದ್ದ ಕಾಲದ್ದು ಎಂದು ತಿಳಿಯಿತು. ಯಾರ ಕೈಯಿಂದ ಬಂತು ಎಂಬುದು ಮಾತ್ರ ತಿಳಿಯಲಿಲ್ಲ. ಲಿಂಕ್ ಇರುವ ಯಾರು ಬೇಕಾದರೂ ತೆರೆಯಬಹುದು ಎಂಬ ಆಯ್ಕೆಯನ್ನು ಒತ್ತಿದವಳು ನಾನೇ. ನೂರು ಜನರಿಗೆ ಒಂದೇ ಕಡತವನ್ನು ಕೊಟ್ಟ ಮೇಲೆ, ಹೊರಬಿದ್ದ ಪ್ರತಿ ಯಾರದೆಂದು ಕೇಳುವುದಾದರೂ ಹೇಗೆ?

ಅಂಗಡಿಯವರು ಸುಳ್ಳು ಹೇಳಲಿಲ್ಲ. "ಯಾರೋ ಪ್ರಿಂಟಿಗೆ ವಾಟ್ಸಾಪ್ ಮಾಡಿದ್ರು ಮೇಡಂ, ಚೆನ್ನಾಗಿತ್ತು, ಇಟ್ಕೊಂಡೆ" ಎಂದರು. ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದೇ ಹೆಸರಿನ ಕಡತ ಮೂರು ಸಲ ಇತ್ತು, ಎರಡರ ಕೊನೆಯಲ್ಲಿ (1), (2) ಎಂಬ ಅಂಕಿಗಳು. ಕಡತ ಆ ಕಂಪ್ಯೂಟರಿಗೆ ಮೂರು ಬಾರಿ ಇಳಿದಿದೆ. ಕಳುಹಿಸಿದವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಪ್ರಿಂಟರ್ ಇಲ್ಲದವರು ಪ್ಲಾನರ್ ಬಳಸಬೇಕಾದರೆ ಕಡತವನ್ನು ಅಂಗಡಿಗೆ ಒಪ್ಪಿಸಲೇಬೇಕು. ಹೆಚ್ಚಿನ ಸೋರಿಕೆ ಆಗುವುದು ಇಲ್ಲಿಯೇ ಎಂದು ನನಗೆ ಈಗ ಅನ್ನಿಸುತ್ತಿದೆ.

ಪಾಸ್‌ವರ್ಡ್ ಹಾಕು ಎಂದು ಸ್ನೇಹಿತರು ಹೇಳುತ್ತಲೇ ಇರುತ್ತಾರೆ. ಹಾಕಿ ನೋಡಿದ್ದೇನೆ. ತೆರೆಯಲು ಹಾಕುವ ಪಾಸ್‌ವರ್ಡ್ ಕಡತದ ಜೊತೆಗೇ ಅಂಗಡಿಯ ವಾಟ್ಸಾಪ್‌ಗೆ ಹೋಗುತ್ತದೆ. ಮುದ್ರಣ ಮತ್ತು ನಕಲನ್ನು ತಡೆಯುವ ಪಾಸ್‌ವರ್ಡನ್ನು ತೆಗೆಯುವ ಉಚಿತ ಸಾಧನಗಳು ಎಲ್ಲೆಡೆ ಸಿಗುತ್ತವೆ. ಡ್ರೈವ್‌ನಲ್ಲಿ ಡೌನ್‌ಲೋಡ್, ಪ್ರಿಂಟ್, ಕಾಪಿ ಮೂರನ್ನೂ ನಿಲ್ಲಿಸುವ ಆಯ್ಕೆಯಿದೆ ನಿಜ, ಆದರೆ ಮುದ್ರಿಸಲಾಗದ ಪ್ಲಾನರಿಗೆ ಯಾರು ದುಡ್ಡು ಕೊಡುತ್ತಾರೆ? ಬೀಗದಿಂದ ತೊಂದರೆಯಾಗುವುದು ಹಣ ಕೊಟ್ಟವರಿಗೆ ಮಾತ್ರ. ನನಗೆ ಬಂದ ದೂರುಗಳೆಲ್ಲವೂ ಅವರಿಂದಲೇ ಬಂದವು.

ಆದ್ದರಿಂದ ಈಗ ಬೀಗದ ಬದಲು ಗುರುತು ಹಾಕುತ್ತಿದ್ದೇನೆ. ಆರ್ಡರ್ ಬಂದ ಮೇಲೆ, ಕೊಂಡವರ ಹೆಸರು ಮತ್ತು ಆರ್ಡರ್ ಸಂಖ್ಯೆಯನ್ನು ಪ್ರತಿ ಪುಟದ ಅಡಿಯಲ್ಲಿ ತೆಳು ಬೂದು ಅಕ್ಷರಗಳಲ್ಲಿ ಸೇರಿಸಿ, ಆ ಪ್ರತಿಯನ್ನು ಅವರ ಇಮೇಲಿಗೆ ಮಾತ್ರ ಕಳುಹಿಸುತ್ತೇನೆ. ಪೇಹಿಪ್, ಗಮ್‌ರೋಡ್‌ನಂಥ, ಡಿಜಿಟಲ್ ಕಡತ ಮಾರುವ ತಾಣಗಳಲ್ಲಿ ಪಿಡಿಎಫ್ ಸ್ಟ್ಯಾಂಪಿಂಗ್ ಎಂಬ ಸೌಲಭ್ಯ ಕೊಂಡವರ ಇಂಥ ಗುರುತನ್ನು ತಾನಾಗಿಯೇ ಹಾಕುತ್ತದೆ. ಎಟ್ಸಿಯಲ್ಲಿ ತಕ್ಷಣ ಡೌನ್‌ಲೋಡ್ ಆಗುವಂತೆ ಏರಿಸಿದ ಕಡತ ಎಲ್ಲ ಗ್ರಾಹಕರಿಗೂ ಒಂದೇ ರೂಪದಲ್ಲಿ ಹೋಗುತ್ತದೆ. ವಿನ್ಯಾಸ ತಾಣವಾದ ಕ್ಯಾನ್ವಾದ ಟೆಂಪ್ಲೇಟ್ ಲಿಂಕ್ ಇನ್ನೂ ಕಷ್ಟ, ಅದು ಸಿಕ್ಕವರೆಲ್ಲರಿಗೂ ತಿದ್ದಬಲ್ಲ ಹೊಸ ಪ್ರತಿಯೇ ಸಿಗುತ್ತದೆ, ಗುರುತಿಗೆ ಜಾಗವೇ ಇಲ್ಲ. ಅದಕ್ಕೇ ಟೆಂಪ್ಲೇಟ್ ಮಾರುವುದನ್ನು ನಿಲ್ಲಿಸಿದ್ದೇನೆ.

ಅಡಿಯ ಸಾಲನ್ನು ಕತ್ತರಿಸಿದರೆ ಏನು ಮಾಡುತ್ತೀ ಎಂದು ಕೇಳುವಿರಿ. ಕತ್ತರಿಸಬಹುದು. ಆದರೆ ಅಜಾಗರೂಕತೆಯಿಂದ ಹಂಚುವವರು ಅಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ. ದೀಪಾವಳಿಯ ಹೊತ್ತಿಗೆ ಒಂದು ಟೆಲಿಗ್ರಾಂ ಗುಂಪಿನಲ್ಲಿ ಪ್ಲಾನರ್ ಕಾಣಿಸಿಕೊಂಡಾಗ ಆರ್ಡರ್ ಸಂಖ್ಯೆ ನೋಡಿ ಆ ಗ್ರಾಹಕರಿಗೇ ಕರೆ ಮಾಡಿದೆ. ಅಕ್ಕನ ಮಗಳಿಗೆಂದು ಕಳುಹಿಸಿದ್ದು ಅಲ್ಲಿಗೆ ಹೋಗಿತ್ತು. ಪಾಪ, ಅತ್ತೇಬಿಟ್ಟರು. ಮರುದಿನ ಮಧ್ಯಾಹ್ನದೊಳಗೆ ಕಡತ ಅಲ್ಲಿರಲಿಲ್ಲ.

ಕಾನೂನಿನ ದಾರಿಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕು ಪಡೆಯಲು ನೋಂದಣಿ ಕಡ್ಡಾಯವಲ್ಲ. ಕಡತವನ್ನು ಇರಿಸಿಕೊಂಡಿರುವ ತಾಣಕ್ಕೆ ಲಿಖಿತ ದೂರು ಕೊಟ್ಟರೆ, ದೂರು ಸರಿಯೆಂದು ಕಂಡಾಗ 36 ಗಂಟೆಯೊಳಗೆ ಅದು ಸಿಗದಂತೆ ಮಾಡಬೇಕೆಂದು 2013ರ ನಿಯಮಗಳು ಹೇಳುತ್ತವೆ. ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತಾರದಿದ್ದರೆ ತಾಣ ಮತ್ತೆ ತೆರೆದುಬಿಡಬಹುದು. ನೂರೈವತ್ತು ರೂಪಾಯಿಯ ಪ್ಲಾನರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ನನಗಿಲ್ಲ.

ಅಂಗಡಿಯವರು ನನ್ನೆದುರೇ ಮೂರೂ ಕಡತಗಳನ್ನು ಅಳಿಸಿದರು, ಉಳಿದಿದ್ದ ನಾಲ್ಕು ಪುಸ್ತಕಗಳನ್ನು ನನ್ನ ಕೈಗಿತ್ತರು. ಬೆಳಿಗ್ಗೆ ಕುಳಿತು ಪ್ಲಾನರಿನ ಮೊದಲ ಪುಟಕ್ಕೆ, ಮುದ್ರಿಸುವವರ ಕಣ್ಣಿಗೆ ಬೀಳುವಷ್ಟು ದಪ್ಪ ಅಕ್ಷರಗಳಲ್ಲಿ, ಹೀಗೊಂದು ಸಾಲು ಸೇರಿಸಿದೆ: "ಈ ಪ್ರತಿ ಪುಟದ ಅಡಿಯಲ್ಲಿರುವ ಹೆಸರಿನವರ ಸ್ವಂತ ಬಳಕೆಗೆ. ಅಂಗಡಿಯವರು ಇವರಿಗೆ ಮುದ್ರಿಸಿಕೊಡಬಹುದು. ದಯವಿಟ್ಟು ಕಡತವನ್ನು ಇಟ್ಟುಕೊಳ್ಳಬೇಡಿ."