ದುಡ್ಡು ತಕ್ಷಣ ಬೇಕು, ಹೆಸರು ಸೇರಿಸೋಕೆ ಮಾತ್ರ ರಿನ್ಯೂವಲ್ ಬರಬೇಕಂತೆ!

ತಡೆದು ತಡೆದು ಸಾಕಾಗಿದೆ, ಇವತ್ತು ಬರೆದೇ ಬಿಡುತ್ತೇನೆ. ನಮ್ಮ ಹೆಲ್ತ್ ಇನ್ಶೂರೆನ್ಸ್ ಕಂಪನಿಗೆ ನಾನು ಕೇಳಿದ್ದು ಒಂದೇ ಒಂದು ವಿಷಯ. ನನ್ನ ಫ್ಯಾಮಿಲಿ ಫ್ಲೋಟರ್‌ಗೆ, ಅಂದರೆ ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿಗೆ, ಹೆಂಡತಿಯನ್ನೂ ಹೊಸ ಮಗುವನ್ನೂ ಸೇರಿಸಿ, ಅದಕ್ಕೆ ಎಷ್ಟು ಪ್ರೀಮಿಯಂ ಆಗುತ್ತದೋ ಅಷ್ಟು ತಗೊಳ್ಳಿ. ಅಷ್ಟೇ ಕೇಳಿದ್ದು.

ಪಾಲಿಸಿಯಲ್ಲಿ ಇಷ್ಟು ದಿನ ನಾನು ಮತ್ತು ದೊಡ್ಡ ಮಗಳು ಇದ್ದೆವು. ಹೆಂಡತಿಗೆ ಅವಳ ಆಫೀಸಿನ ಗ್ರೂಪ್ ಪಾಲಿಸಿ ಇತ್ತು, ಹೆರಿಗೆ ಖರ್ಚು ಅದರಲ್ಲೇ ಆಯಿತು, ಪುಟ್ಟವನ ಹೆಸರೂ ಅದರಲ್ಲೇ ಸೇರಿತ್ತು. ಹೆರಿಗೆ ರಜೆ ಮುಗಿಯುತ್ತಿದ್ದ ಹಾಗೆ ಕೆಲಸ ಬಿಡೋಣ ಅಂತ ತೀರ್ಮಾನ ಮಾಡಿದಳು. ಗ್ರೂಪ್ ಪಾಲಿಸಿ ಅನ್ನೋದು ಕೆಲಸದ ಕೊನೇ ದಿನಕ್ಕೆ ಮುಗಿದು ಹೋಗುತ್ತದೆ, ಅವಳದೂ ಹೋಗುತ್ತದೆ, ಮಗುವಿನದೂ ಹೋಗುತ್ತದೆ. ಅದಕ್ಕೇ ಕೊನೇ ದಿನಕ್ಕೆ ಇನ್ನೂ ಸಾಕಷ್ಟು ಸಮಯ ಇರುವಾಗಲೇ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ. ಫೋನಲ್ಲಿ ಅಲ್ಲ, ಬರಹದಲ್ಲಿ. ಇಬ್ಬರನ್ನೂ ಪಾಲಿಸಿ ಮಧ್ಯದಲ್ಲಿ ಸೇರಿಸಬಹುದಾ ಅಂತ ಕೇಳಿದೆ. ಮದುವೆಯಾಗಿ ಆರು ವರ್ಷ ಆಗಿದೆ ಅಂತಲೂ ಬರೆದಿದ್ದೆ. ಸೇರಿಸಬಹುದು, ಪೋರ್ಟಲ್‌ನಲ್ಲಿ ಎಂಡಾರ್ಸ್‌ಮೆಂಟ್ ರಿಕ್ವೆಸ್ಟ್, ಅಂದರೆ ಪಾಲಿಸಿ ತಿದ್ದುಪಡಿಯ ಅರ್ಜಿ ಹಾಕಿ, ಪ್ರೀಮಿಯಂ ಕಟ್ಟಿ ಅಂತ ಉತ್ತರ ಬಂತು. ಆ ಮೇಲ್ ಈಗಲೂ ನನ್ನ ಹತ್ತಿರ ಇದೆ.

ಪೋರ್ಟಲ್ ತೆರೆದರೆ 9,000 ರೂಪಾಯಿ ಕಟ್ಟಿ ಅಂತು. ಅಲ್ಲಿಂದಲೇ ನನ್ನ ತಲೆ ಕೆಟ್ಟಿದ್ದು.

ಲೆಕ್ಕ ಹೇಳುತ್ತೇನೆ, ನೀವೇ ನೋಡಿ. ಫ್ಲೋಟರ್‌ನಲ್ಲಿ ಪ್ರೀಮಿಯಂ ನಿಲ್ಲುವುದು ಎಷ್ಟು ಜನ ದೊಡ್ಡವರು, ಎಷ್ಟು ಮಕ್ಕಳು, ಎಲ್ಲರಿಗಿಂತ ಹಿರಿಯರ ವಯಸ್ಸು ಎಷ್ಟು ಅನ್ನೋದರ ಮೇಲೆ. ಹಿರಿಯ ನಾನೇ, ಹಾಗಾಗಿ ವಯಸ್ಸಿನ ಲೆಕ್ಕ ಬದಲಾಗುವುದಿಲ್ಲ. ಒಬ್ಬರು ದೊಡ್ಡವರು ಒಂದು ಮಗು ಅಂದರೆ ವರ್ಷಕ್ಕೆ 16,000. ಇಬ್ಬರು ದೊಡ್ಡವರು ಎರಡು ಮಕ್ಕಳು ಅಂದರೆ 25,000. ವ್ಯತ್ಯಾಸ 9,000, ಸರಿ, ಆದರೆ ಅದು ಪೂರ್ತಿ ಒಂದು ವರ್ಷದ ವ್ಯತ್ಯಾಸ! ನನ್ನ ಪಾಲಿಸಿಯಲ್ಲಿ ಉಳಿದಿದ್ದು 219 ದಿನ. 9,000ವನ್ನು 365ರಿಂದ ಭಾಗಿಸಿ 219ರಿಂದ ಗುಣಿಸಿದರೆ 5,400 ಬರುತ್ತದೆ. ಇದನ್ನೇ ಪ್ರೊ-ರೇಟಾ ಅನ್ನುವುದು. ಅವರ ಪಾಲಿಸಿ ಪುಸ್ತಕದಲ್ಲೇ ಆ ಮಾತು ಇದೆ. ಫ್ಯಾಮಿಲಿ ಪಾಲಿಸಿಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕೂಡ ಇಲ್ಲ, ಆದ್ದರಿಂದ ಅದರ ನೆಪವೂ ಹೇಳುವ ಹಾಗಿಲ್ಲ. ಕಳೆದು ಹೋದ ಐದು ತಿಂಗಳಿಗೆ ನನ್ನ ಹೆಂಡತಿ ಮಗು ಈ ಪಾಲಿಸಿಯಲ್ಲಿ ಇರಲೇ ಇಲ್ಲ, ಆ ತಿಂಗಳುಗಳಿಗೆ 3,600 ಯಾಕೆ ಕೊಡಬೇಕು? ಜನ ಜಾಸ್ತಿಯಾದರು ಅಂತ ಇನ್ಶೂರೆನ್ಸ್ ಮೊತ್ತ ಏನಾದರೂ ಏರುತ್ತದಾ? ಇಲ್ಲ. ಇಬ್ಬರಿಗಿದ್ದ ಅದೇ 10 ಲಕ್ಷವನ್ನು ಇನ್ನು ನಾಲ್ಕು ಜನ ಹಂಚಿಕೊಳ್ಳಬೇಕು.

ಕೇಳಿದರೆ, ಸಿಸ್ಟಮ್ ಹಾಗೇ ತೋರಿಸುತ್ತೆ ಸರ್, ಮೊದಲು ಕಟ್ಟಿ, ಜಾಸ್ತಿ ಆಗಿದ್ದರೆ ವಾಪಸ್ ಬರುತ್ತೆ ಅಂದರು. ಕವರ್ ತಪ್ಪಿ ಹೋಗಬಾರದು ಅಂತ ಕಟ್ಟಿದೆ. ದುಡ್ಡು ಖಾತೆಯಿಂದ ಹೋಗಿದ್ದು ಒಂದು ಕ್ಷಣದಲ್ಲಿ. ಆಮೇಲೆ ಸದ್ದಿಲ್ಲ. ಅಂಡರ್‌ರೈಟಿಂಗ್‌ನಲ್ಲಿದೆ ಅಂದರು, ಅಂದರೆ ಇವರನ್ನು ಸೇರಿಸಬಹುದಾ ಅಂತ ಕಂಪನಿ ಪರಿಶೀಲನೆ ಮಾಡುತ್ತಿದೆಯಂತೆ. ಮಗುವಿನ ಬರ್ತ್ ಸರ್ಟಿಫಿಕೇಟ್ ಕೊಟ್ಟೆ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಬೇಕು ಅಂದರು, ಕೊಟ್ಟೆ, ಹೆಂಡತಿಯ ಥೈರಾಯ್ಡ್ ರಿಪೋರ್ಟ್ ಬೇಕು ಅಂದರು, ಅದನ್ನೂ ಕೊಟ್ಟೆ. ಪ್ರತಿ ಸಲ ಹೊಸ ವ್ಯಕ್ತಿ, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು.

ಇಷ್ಟೆಲ್ಲ ಆದಮೇಲೆ ಬಂದ ಉತ್ತರ: ಮಗುವಿಗೆ 91 ದಿನ ತುಂಬಿದೆ, ಸೇರಿಸುತ್ತೇವೆ. ಹೆಂಡತಿಯನ್ನು ಮಧ್ಯದಲ್ಲಿ ಸೇರಿಸಬೇಕಾದರೆ ಹೊಸದಾಗಿ ಮದುವೆಯಾಗಿರಬೇಕು, ನಿಮ್ಮದು ಹಳೇ ಮದುವೆ, ರಿನ್ಯೂವಲ್ ತನಕ ಕಾಯಿರಿ.

ನಿಯಮ ಇದೆ ಅಂತ ನಾನು ಜಗಳ ಆಡುತ್ತಿಲ್ಲ. ಕಾಯಿಲೆ ಬಂದ ಮೇಲೆ ಸೇರಿಕೊಳ್ಳಬಾರದು ಅಂತ ಕಂಪನಿಗಳು ಇಂಥ ನಿಯಮ ಇಟ್ಟುಕೊಳ್ಳುತ್ತವೆ, ಅರ್ಥ ಆಗುತ್ತದೆ. ಆದರೆ ಮದುವೆಯ ವರ್ಷ ಬರೆದು ಕೇಳಿದವನಿಗೆ ಸೇರಿಸಬಹುದು ಅಂತ ಯಾಕೆ ಹೇಳಿದಿರಿ? ಪೋರ್ಟಲ್ ದುಡ್ಡು ಯಾಕೆ ತಗೊಂಡಿತು? ಮದುವೆ ದಿನಾಂಕ ತುಂಬುವ ಜಾಗ ಅಲ್ಲೇ ಇದೆ ಅಲ್ವಾ, ತುಂಬಿದ ತಕ್ಷಣ ಆಗಲ್ಲ ಅಂತ ಹೇಳೋಕೆ ಏನು ಕಷ್ಟ?

ನನ್ನ ನಿಜವಾದ ಸಿಟ್ಟು ಇಲ್ಲಿದೆ. ಇವರು ಮೊದಲ ದಿನವೇ ಆಗಲ್ಲ ಅಂದಿದ್ದರೆ ನಮಗೆ ಬೇರೆ ದಾರಿ ಇತ್ತು. ಕೆಲಸ ಬಿಡುವವರು ಗ್ರೂಪ್ ಪಾಲಿಸಿ ಕೊಟ್ಟ ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು, ಅದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕ್ಲೇಮ್ ಸಿಗದೆ ಕಾಯಬೇಕಾದ ವೈಟಿಂಗ್ ಪೀರಿಯಡ್‌ಗೆ ಲೆಕ್ಕಕ್ಕೆ ಬರುತ್ತವೆ. ಆದರೆ ಗ್ರೂಪ್ ಪಾಲಿಸಿಯಲ್ಲಿ ಇರುವಾಗಲೇ ಕೇಳಬೇಕು. ನಮ್ಮ ಅರ್ಜಿ ಅಂಡರ್‌ರೈಟಿಂಗ್‌ನಲ್ಲಿ ಕೊಳೆಯುತ್ತಿದ್ದಾಗ ಅವಳ ಕೊನೇ ದಿನ ಬಂದು ಹೋಯಿತು. ಆಫೀಸಿನ ಎಚ್‌ಆರ್‌ಗೆ ಹೋಗಿ ಕೇಳಿದರೆ ಈಗ ಆಗಲ್ಲ ಅಂದರು. ಇನ್ನು ಹೊಸ ಪಾಲಿಸಿ ಮಾಡಿಸಿದರೆ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಮೊದಲ 30 ದಿನ ಕ್ಲೇಮ್ ಇಲ್ಲ, ಥೈರಾಯ್ಡ್‌ಗೆ ಸಂಬಂಧಿಸಿದ್ದಕ್ಕೆ 36 ತಿಂಗಳವರೆಗೂ ಕಾಯಿಸಬಹುದು. ವರ್ಷಗಟ್ಟಲೆ ಗ್ರೂಪ್‌ನಲ್ಲಿ ಇದ್ದದ್ದೆಲ್ಲ ಸೊನ್ನೆ. ಇದನ್ನು ಯಾರು ತುಂಬಿಕೊಡುತ್ತಾರೆ?

ಮಗುವಿನ ವಿಷಯವಾದರೂ ನೆಟ್ಟಗೆ ಮಾಡಿದರಾ? ಅದೂ ಇಲ್ಲ. ಒಬ್ಬರು ದೊಡ್ಡವರು ಎರಡು ಮಕ್ಕಳಿಗೆ ವರ್ಷಕ್ಕೆ 19,000, ವ್ಯತ್ಯಾಸ 3,000, ಪಾವತಿ ಮಾಡಿದ ದಿನದಿಂದ 219 ದಿನಕ್ಕೆ 1,800. ಅಷ್ಟನ್ನು ಇಟ್ಟುಕೊಂಡರು. ಎಂಡಾರ್ಸ್‌ಮೆಂಟ್ ಪತ್ರ ಬಂದಾಗ ನೋಡಿದರೆ ಕವರ್ ಶುರುವಾಗುವ ದಿನಾಂಕ ಪಾವತಿಯ ದಿನ ಅಲ್ಲ, ಅಂಡರ್‌ರೈಟರ್ ಒಪ್ಪಿಗೆ ಕೊಟ್ಟ ದಿನ! ಅಂದರೆ ದುಡ್ಡಿನ ಲೆಕ್ಕಕ್ಕೆ ಮೊದಲಿನ ದಿನಾಂಕ, ಕ್ಲೇಮಿನ ಲೆಕ್ಕಕ್ಕೆ ಆಮೇಲಿನ ದಿನಾಂಕ. ನಡುವೆ ಗ್ರೂಪ್ ಪಾಲಿಸಿ ಮುಗಿದ ದಿನದಿಂದ ಒಪ್ಪಿಗೆ ಬಂದ ದಿನದವರೆಗೆ ಮಗುವಿಗೆ ಯಾವ ಪಾಲಿಸಿಯೂ ಇರಲಿಲ್ಲ. ಆ ದಿನಗಳಲ್ಲಿ ಮಗುವಿಗೆ ಜ್ವರ ಬಂದು ಅಡ್ಮಿಟ್ ಮಾಡಬೇಕಾಗಿ ಬಂದಿದ್ದರೆ, ಪ್ರೀಮಿಯಂ ಕಟ್ಟಿಯೂ ಬಿಲ್ ನಮ್ಮ ತಲೆ ಮೇಲೆ ಬೀಳುತ್ತಿತ್ತು. ನಿಮ್ಮಲ್ಲಿ ಯಾರಾದರೂ ಮಗುವನ್ನು ಸೇರಿಸುತ್ತಿದ್ದರೆ ದಯವಿಟ್ಟು ಆ ಪತ್ರದ ದಿನಾಂಕವನ್ನು ರಸೀದಿಯ ದಿನಾಂಕದ ಪಕ್ಕ ಇಟ್ಟು ನೋಡಿ. ಹೆಸರು, ಹುಟ್ಟಿದ ದಿನ ಸರಿ ಇದೆಯಾ ಅಂತ ನೋಡಿ ಸುಮ್ಮನಾಗಬೇಡಿ.

ಉಳಿದ 7,200 ವಾಪಸ್ ಬರಬೇಕು. ಇನ್ನೂ ಬಂದಿಲ್ಲ. ಪ್ರೋಸೆಸ್‌ನಲ್ಲಿದೆ ಅನ್ನುತ್ತಾರೆ. ನಾನು ಒಂದು ದಿನ ತಡವಾಗಿ ರಿನ್ಯೂವಲ್ ಕಟ್ಟಿದರೆ ಹೀಗೆ ಪ್ರೋಸೆಸ್‌ನಲ್ಲಿದೆ ಅಂತ ಹೇಳಿ ಕೂರಬಹುದಾ?

ಕಂಪನಿಯ ಗ್ರಿವೆನ್ಸ್ ಆಫೀಸರ್‌ಗೆ ಬರೆದಿದ್ದೇನೆ, ವಿಮಾ ನಿಯಂತ್ರಕ ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ದೂರು ಹಾಕಿದ್ದೇನೆ. ಕೇಳಿರುವುದು ಮೂರೇ. ಮಗುವಿನ ಕವರ್ ದುಡ್ಡು ತಗೊಂಡ ದಿನದಿಂದ ಶುರು ಅಂತ ಎಂಡಾರ್ಸ್‌ಮೆಂಟ್ ತಿದ್ದಿ ಕೊಡಬೇಕು, 7,200 ಬಡ್ಡಿ ಸಮೇತ ಬರಬೇಕು, ಸೇರಿಸಬಹುದು ಅಂತ ತಪ್ಪು ಉತ್ತರ ಕೊಟ್ಟದ್ದಕ್ಕೆ ಬರಹದಲ್ಲಿ ಕಾರಣ ಹೇಳಬೇಕು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಅವರ ಮೊದಲ ಮೇಲ್, ಪಾವತಿ ರಸೀದಿ, ಎಂಡಾರ್ಸ್‌ಮೆಂಟ್ ಪತ್ರ ಮೂರನ್ನೂ ಪ್ರಿಂಟ್ ತೆಗೆದು ಇಟ್ಟಿದ್ದೇನೆ.