ಮೂರು ದಿನದ ಕಾರ್ಯಾಗಾರಕ್ಕೆ ಎಷ್ಟು ದಿನದ ದುಡಿಮೆ?

"ದಿನಕ್ಕೆ ನಲವತ್ತು ಸಾವಿರವೇ? ನಮ್ಮ ಜನರಲ್ ಮ್ಯಾನೇಜರಿಗೂ ಅಷ್ಟು ಬರುವುದಿಲ್ಲ ಸಾರ್!" ಕಂಪನಿಗಳಲ್ಲಿ ತರಬೇತಿ ನಡೆಸುವ ನನ್ನಂಥವರೆಲ್ಲ ಒಂದಲ್ಲ ಒಂದು ಸಲ ಈ ಮಾತು ಕೇಳಿದ್ದೇವೆ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಣ್ಣಿಗೆ ಬೀಳುವುದು ನಾವು ತರಗತಿಯಲ್ಲಿ ನಿಂತ ದಿನಗಳು ಮಾತ್ರ.

ಬೆಂಗಳೂರಿನ ತರಬೇತುದಾರರೊಬ್ಬರು ಹುಬ್ಬಳ್ಳಿಯ ಕಾರ್ಖಾನೆಯ ಮೇಲ್ವಿಚಾರಕರಿಗೆ ಮೂರು ದಿನದ ಕಾರ್ಯಾಗಾರ ನಡೆಸುತ್ತಾರೆ ಎಂದುಕೊಳ್ಳಿ. ಕಾರ್ಖಾನೆಯ ಮುಖ್ಯಸ್ಥರ ಜೊತೆಗೂ ಕೆಲವು ಮೇಲ್ವಿಚಾರಕರ ಜೊತೆಗೂ ಮೊದಲೇ ಮಾತನಾಡಿ, ನಿಜವಾದ ತೊಂದರೆ ಏನೆಂದು ತಿಳಿಯಲು ಒಂದು ದಿನ ಬೇಕು. ಅವರದೇ ಪಾಳಿಗಳ ಪ್ರಸಂಗಗಳನ್ನಿಟ್ಟುಕೊಂಡು ಅಭ್ಯಾಸಗಳನ್ನೂ ಕೈಪಿಡಿಯನ್ನೂ ಸಿದ್ಧಪಡಿಸಲು ಎರಡು ದಿನ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಬೇಕಾದರೆ ಹಿಂದಿನ ಸಂಜೆಯೇ ಊರು ಸೇರಬೇಕು. ಹೋಗಿಬರುವುದಕ್ಕೆ ಒಂದು ದಿನ ಹಿಡಿಯಿರಿ. ಮುಗಿದ ಮೇಲಿನ ವರದಿಗೆ ಮತ್ತೊಂದು. ತರಗತಿಯ ಮೂರು ದಿನವೂ ಸೇರಿ ಒಟ್ಟು ಎಂಟು ದಿನ. ದಿನಕ್ಕೆ ನಲವತ್ತು ಸಾವಿರದಂತೆ ಮೂರು ದಿನಕ್ಕೆ ಬರುವ 1,20,000 ರೂಪಾಯಿಯನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ 15,000. ಆಸ್ಪತ್ರೆಯ ವಿಮೆ, ಲೆಕ್ಕಪರಿಶೋಧಕರ ಶುಲ್ಕ, ಮಾರ್ಚ್ ಕೊನೆಯಲ್ಲೋ ದಸರಾ-ದೀಪಾವಳಿಯ ನಡುವೆಯೋ ಕೆಲಸವೇ ಇಲ್ಲದ ವಾರಗಳ ಖರ್ಚು, ಎಲ್ಲವೂ ಇದರಲ್ಲೇ ಹುಟ್ಟಬೇಕು.

ಹಾಗೆಂದು ಎಲ್ಲವನ್ನೂ ದಿನದ ದರದೊಳಗೆ ಅಡಗಿಸಿಡುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಳಿಯಿಂದ ಜನರನ್ನು ಬಿಡಿಸಲಾಗುತ್ತಿಲ್ಲ, ಎರಡೇ ದಿನದಲ್ಲಿ ಮುಗಿಸಿ ಎಂದು ಕಂಪನಿ ಹೇಳಿದರೆ ನಮ್ಮ ಶುಲ್ಕ 80,000ಕ್ಕೆ ಇಳಿಯುತ್ತದೆ. ಸಿದ್ಧತೆಯ ಕೆಲಸ ಮಾತ್ರ ಒಂದಿಷ್ಟೂ ಇಳಿಯುವುದಿಲ್ಲ. ಮೂರು ದಿನದ್ದನ್ನು ಎರಡಕ್ಕೆ ಹಿಡಿಸುವ ಕೆಲಸ ಬೇರೆ ಸೇರುತ್ತದೆ. ಮೊದಲಿನ 1,20,000 ರೂಪಾಯಿಯನ್ನೇ ಸಿದ್ಧತೆಗೆ ವಿನ್ಯಾಸ ಶುಲ್ಕ 30,000, ದಿನಕ್ಕೆ 30,000 ಎಂದು ಒಡೆದು ಬರೆದರೆ, ಒಂದು ದಿನ ಕಡಿಮೆಯಾದಾಗ 90,000 ಉಳಿಯುತ್ತದೆ. ಅದೇ ಕಾರ್ಯಾಗಾರ ಎರಡನೆಯ ತಂಡಕ್ಕೂ ಬೇಕೆಂದರೆ ವಿನ್ಯಾಸ ಶುಲ್ಕ ಬಿಟ್ಟು ಮೂರು ದಿನಕ್ಕೆ 90,000 ಕೇಳಬಹುದು. ಆ ರಿಯಾಯಿತಿಗೆ ಕಾರಣವಿದೆ, ಕಂಪನಿಗೂ ಅದು ಅರ್ಥವಾಗುತ್ತದೆ.

ಟಿಕೆಟ್ ಮತ್ತು ಕೋಣೆಯನ್ನು ಕಂಪನಿಯೇ ಕಾಯ್ದಿರಿಸಲಿ. ನಾವು ಖರ್ಚು ಮಾಡಿ ನಮ್ಮ ಬಿಲ್ಲಿಗೆ ಸೇರಿಸಿದರೆ ಸಾಮಾನ್ಯವಾಗಿ ಅದರ ಮೇಲೂ ಶೇ 18 ಜಿಎಸ್‌ಟಿ ಬೀಳುತ್ತದೆ, ಜೊತೆಗೆ ನಮ್ಮ ಹಣ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಪ್ರಯಾಣದ ದಿನಕ್ಕೆ ನಾನು ಅರ್ಧ ದರ ಕೇಳುತ್ತೇನೆ. ಒಪ್ಪದವರೂ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ರದ್ದತಿಯಲ್ಲಿ. ಪರಿಚಿತ ತರಬೇತುದಾರರೊಬ್ಬರಿಗೆ ಶುಕ್ರವಾರ ಸಂಜೆ ಫೋನ್ ಬಂತು: "ಸೋಮವಾರ ಗ್ರಾಹಕರ ಆಡಿಟ್ ಇದೆ, ಮುಂದಿನ ತಿಂಗಳು ನೋಡೋಣ." ಪ್ರಯಾಣವೂ ಸೇರಿ ಅವರ ಇಡೀ ವಾರ ಹೋಯಿತು. ಬೇರೆ ಕಂಪನಿಯೊಂದು ಎರಡು ದಿನದಲ್ಲಿ ಇಪ್ಪತ್ತು ಜನರನ್ನು ಕೆಲಸದಿಂದ ಬಿಡಿಸಿ ಕೂರಿಸುವುದು ಸಾಧ್ಯವಿಲ್ಲ, ಹಾಗಾಗಿ ಆ ವಾರ ತುಂಬಲಿಲ್ಲ. ಅವರ ದರಪಟ್ಟಿಯಲ್ಲಿ ರದ್ದತಿ ಶುಲ್ಕದ ಷರತ್ತು ಸ್ಪಷ್ಟವಾಗಿಯೇ ಇತ್ತು. ಆದರೆ ಆಮೇಲೆ ಬಂದ ಪರ್ಚೇಸ್ ಆರ್ಡರ್‌ನಲ್ಲಿ "ತರಬೇತಿ ಮುಗಿದು ಹಾಜರಿ ಪಟ್ಟಿ ಸಲ್ಲಿಸಿದ ಮೇಲೆ ಪಾವತಿ" ಎಂದಷ್ಟೇ ಇತ್ತು. ಹಿಂದಿನ ಪತ್ರಗಳಿಗಿಂತ ಇದೇ ಅಂತಿಮ ಎಂಬ ಸಾಲೂ ಇತ್ತು. ತರಬೇತಿಯೇ ನಡೆಯದಿರುವಾಗ ಯಾವ ಹಾಜರಿ ಪಟ್ಟಿ? ಎಚ್‌ಆರ್‌ನವರು ನಿಜವಾಗಿಯೂ ನೊಂದುಕೊಂಡರು, ಲೆಕ್ಕವಿಭಾಗ ಬಿಲ್ಲನ್ನೇ ಸ್ವೀಕರಿಸಲಿಲ್ಲ.

ಅದಕ್ಕೇ ನಾನು ರದ್ದತಿ ಷರತ್ತನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸುತ್ತೇನೆ. 30 ದಿನಕ್ಕೂ ಮೊದಲು ತಿಳಿಸಿದರೆ ದಿನದ ದರ ಬೇಡ. 30ರಿಂದ 8 ದಿನದೊಳಗೆ ಅರ್ಧ, ಕೊನೆಯ ಏಳು ದಿನದಲ್ಲಿ ಪೂರ್ತಿ. ಮುಂದೂಡಿದರೆ 60 ದಿನದೊಳಗಿನ ಹೊಸ ದಿನಾಂಕವನ್ನು ಅವರು ಲಿಖಿತವಾಗಿ ಕೊಡಬೇಕು, ಎರಡನೆಯ ಸಲ ಮುಂದೂಡಿದರೆ ಅದು ರದ್ದತಿಯೇ. ವಿನ್ಯಾಸ ಶುಲ್ಕ ಆರ್ಡರ್‌ನಲ್ಲಿ ಪ್ರತ್ಯೇಕ ಸಾಲಾಗಿದ್ದು, ಕೈಪಿಡಿ ಒಪ್ಪಿಸಿದ ದಿನವೇ ಅದಕ್ಕೆ ಬಿಲ್ ಮಾಡುವಂತಿರಬೇಕು. ಮುಂಗಡ ಎಂಬ ಮಾತು ಕೇಳಿದರೇ ಹಿಂಜರಿಯುವ ಖರೀದಿ ವಿಭಾಗದವರೂ ಇದಕ್ಕೆ ಒಪ್ಪುತ್ತಾರೆ, ಏಕೆಂದರೆ ಆ ಕೆಲಸ ಮುಗಿದು ಅವರ ಕೈಸೇರಿರುತ್ತದೆ.

ತರಬೇತಿ ಸಂಸ್ಥೆಗಳ ಮೂಲಕ ಹೋಗುವ ಕಿರಿಯರಿಗೆ ಇನ್ನೊಂದು ಮಾತು. ಕಂಪನಿಯಿಂದ ರದ್ದತಿ ಶುಲ್ಕ ಪಡೆದೂ ನಿಮಗೆ "ಕಾರ್ಯಕ್ರಮ ನಡೆಯಲಿಲ್ಲವಲ್ಲ" ಎನ್ನುವ ಮಧ್ಯವರ್ತಿಗಳಿದ್ದಾರೆ. ದಿನಾಂಕ ಒಪ್ಪುವ ಮೊದಲೇ ಕಂಪನಿಯೊಂದಿಗಿನ ಅವರ ಷರತ್ತೇನೆಂದು ಕೇಳಿ, ಅದರಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.